ಹತ್ತು ವಾರದ ಇಂಟರ್ನ್‌ಶಿಪ್, ಮೂರು ಕಡೆಯ ದುಡ್ಡು: ಒಂದು ಅರ್ಜಿಯ ಪ್ರಕರಣ ಅಧ್ಯಯನ

ಇದು 2024ರ ನವೆಂಬರ್‌ನಿಂದ 2025ರ ಅಕ್ಟೋಬರ್ ತನಕ ನಡೆದ ಪ್ರಕರಣ. ವಿದ್ಯಾರ್ಥಿನಿ, ಕಾಲೇಜು, ದುಡ್ಡು ಕೊಟ್ಟ ಟ್ರಸ್ಟ್, ಜರ್ಮನಿಯ ಪ್ರಯೋಗಾಲಯ ಯಾವುದರ ಹೆಸರನ್ನೂ ಇಲ್ಲಿ ಹೇಳುತ್ತಿಲ್ಲ. ಗುರುತು ಸಿಗದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ. ವಿದ್ಯಾರ್ಥಿನಿಯನ್ನು ಸುಧಾ ಎನ್ನೋಣ. ನಾನು ಅವಳ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಜೊತೆಗೆ ಹೊರದೇಶದ ಅರ್ಜಿಗಳ ಉಸ್ತುವಾರಿಯೂ ನನ್ನದೇ.

ಹಿನ್ನೆಲೆ

ಜಿಲ್ಲಾ ಕೇಂದ್ರವೊಂದರ ಸ್ವಾಯತ್ತ ಎಂಜಿನಿಯರಿಂಗ್ ಕಾಲೇಜು. ಸುಧಾ ಸಿವಿಲ್ ಮೂರನೇ ವರ್ಷ. ಅಪ್ಪನಿಗೆ ಸಣ್ಣ ಹಾರ್ಡ್‌ವೇರ್ ಅಂಗಡಿ. ಊರ ಕೆರೆಯ ನೀರಿನಲ್ಲಿ ಫಾಸ್ಫೇಟ್ ಎಷ್ಟಿದೆ ಎಂದು ಅಳೆಯುವ ಮಿನಿ ಪ್ರಾಜೆಕ್ಟ್ ಮಾಡಿದ್ದಳು. ಅದೇ ವಿಷಯದ ಮೇಲೆ ಕೆಲಸ ಮಾಡುವ ಪೂರ್ವ ಜರ್ಮನಿಯ ಒಬ್ಬ ಪ್ರೊಫೆಸರ್‌ಗೆ ಮೇಲ್ ಬರೆದಳು. ನವೆಂಬರ್ ಮಧ್ಯದಲ್ಲಿ ನಾಲ್ಕು ಸಾಲಿನ ಉತ್ತರ ಬಂತು. ಜೂನ್‌ನಿಂದ ಹತ್ತು ವಾರ ಬರಬಹುದು, ಕೆಲಸ ಇದೆ, ಆದರೆ ನಮ್ಮಲ್ಲಿ ಕೊಡಲು ಹಣ ಇಲ್ಲ.

ಜರ್ಮನಿ ಎಂದ ಕೂಡಲೇ ಎಲ್ಲರೂ ಅಲ್ಲಿನ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಾಡ್‌ನ 'ವೈಸ್' ಇಂಟರ್ನ್‌ಶಿಪ್ ಯೋಜನೆಯ ಹೆಸರು ಹೇಳುತ್ತಾರೆ. ಅದು ಗೊತ್ತುಪಡಿಸಿದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಮಾತ್ರ. ಸುಧಾಳ ಕಾಲೇಜು ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಉಳಿದದ್ದು ಎರಡೇ ದಾರಿ. ಒಂದು, ಗರಿಷ್ಠ 1.5 ಲಕ್ಷದ ತನಕ ಕೊಡುವ ಖಾಸಗಿ ಟ್ರಸ್ಟ್. ಅದಕ್ಕೆ ಜನವರಿ 31ರ ಸಂಜೆ 5 ಗಂಟೆಯೊಳಗೆ ಅರ್ಜಿ ಹಾಕಬೇಕು, ಎರಡು ಶಿಫಾರಸು ಪತ್ರಗಳೂ ಅಷ್ಟರೊಳಗೇ ಬರಬೇಕು. ಇನ್ನೊಂದು, ನಮ್ಮ ಕಾಲೇಜಿನ ಹಳೇ ವಿದ್ಯಾರ್ಥಿಗಳ ನಿಧಿ. ಅದು ಪ್ರಯಾಣಕ್ಕೆ ಮಾತ್ರ, 60,000ಕ್ಕಿಂತ ಜಾಸ್ತಿ ಕೊಡುವುದಿಲ್ಲ, ತೀರ್ಮಾನವೂ ಮಾರ್ಚ್‌ನಲ್ಲಿ.

ಮೊದಲ ಬಜೆಟ್ ಯಾಕೆ ನಿಲ್ಲುವಂತಿರಲಿಲ್ಲ

ಡಿಸೆಂಬರ್‌ನಲ್ಲಿ ಅವಳು ತಂದ ಬಜೆಟ್‌ನಲ್ಲಿ ಮೂರೇ ಸಾಲು ಇದ್ದವು. ವಿಮಾನ 90,000. ಊಟ, ವಸತಿ 2,25,000. ಇತರೆ 50,000. ಒಟ್ಟು 3,65,000. ಕೆಳಗೆ, 'ಟ್ರಸ್ಟ್‌ನಿಂದ ಕೋರುವ ಮೊತ್ತ 1,50,000'.

ಎರಡನೇ ಸಾಲು ಎಲ್ಲಿಂದ ಬಂತು ಎಂದು ಕೇಳಿದೆ. ಅವಳ ಹತ್ತಿರ ಉತ್ತರ ಇತ್ತು. ಜರ್ಮನಿಗೆ ಓದಲು ಹೋಗುವವರು ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ತೆಗೆಯಲು ಬಿಡುವ ಖಾತೆಯಲ್ಲಿ, ಇಡಬೇಕಾದ ಮೊತ್ತ 2024ರ ಸೆಪ್ಟೆಂಬರ್‌ನಿಂದ ತಿಂಗಳಿಗೆ 992 ಯೂರೋ. ಅದನ್ನು ಎರಡೂವರೆ ತಿಂಗಳಿಗೆ ಗುಣಿಸಿ, 90 ರೂಪಾಯಿಯಂತೆ ಲೆಕ್ಕ ಹಾಕಿದ್ದಳು. ಅಂಕಿ ಸರಿ, ಬಳಕೆ ತಪ್ಪು. ಆ 992 ಇಡೀ ಜರ್ಮನಿಗೆ, ದುಬಾರಿ ಊರುಗಳನ್ನೂ ಸೇರಿಸಿ ಸರ್ಕಾರ ಇಟ್ಟ ಅಳತೆ. ಇವಳು ಹೋಗುವುದು ಬಾಡಿಗೆ ಕಡಿಮೆ ಇರುವ ಪೂರ್ವದ ಊರಿಗೆ. ಟ್ರಸ್ಟ್‌ನ ಆಯ್ಕೆ ಸಮಿತಿಯಲ್ಲಿ ಜರ್ಮನಿ ನೋಡಿದವರು ಒಬ್ಬರಿದ್ದರೂ ಸಾಕು, ಇವಳು ಆ ಊರಿನ ಬಾಡಿಗೆ ಎಷ್ಟೆಂದು ನೋಡೇ ಇಲ್ಲ ಎಂದು ಗೊತ್ತಾಗಿಬಿಡುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಕೊನೇ ಸಾಲಿನಲ್ಲಿತ್ತು. ಬೇಕಾದದ್ದು 3.65 ಲಕ್ಷ, ಕೇಳಿದ್ದು 1.5 ಲಕ್ಷ. ಉಳಿದ 2.15 ಲಕ್ಷ ಎಲ್ಲಿಂದ? ಅದರ ಬಗ್ಗೆ ಒಂದು ಅಕ್ಷರ ಇಲ್ಲ. ಖರ್ಚು ಜಾಸ್ತಿ ತೋರಿಸಿದರೆ ಕನಿಕರ ಬಂದು ಗರಿಷ್ಠ ಮೊತ್ತವೇ ಕೊಡುತ್ತಾರೆ ಎಂದು ವಿದ್ಯಾರ್ಥಿಗಳು ಅಂದುಕೊಳ್ಳುತ್ತಾರೆ. ಸಮಿತಿ ಯೋಚಿಸುವುದು ಉಲ್ಟಾ. ನಾವು ಒಂದೂವರೆ ಲಕ್ಷ ಕೊಟ್ಟ ಮೇಲೂ ಈ ಹುಡುಗಿ ವಿಮಾನ ಹತ್ತುತ್ತಾಳಾ? ಹತ್ತದಿದ್ದರೆ ಆ ವರ್ಷದ ಒಂದು ಸೀಟು ಹಾಳು. ಹಾಗಾಗಿ ಬಜೆಟ್‌ನಲ್ಲಿ ಅವರು ಮೊದಲು ಹುಡುಕುವುದೇ ಉಳಿದ ದುಡ್ಡು ಯಾರದ್ದು ಎಂಬ ಸಾಲನ್ನು.

ಹೊಸ ಬಜೆಟ್

ನಾವು ಮೊದಲು ಮಾಡಿದ್ದು ದಿನಾಂಕ ಗಟ್ಟಿ ಮಾಡುವುದು. ಜೂನ್ 2ರಿಂದ ಆಗಸ್ಟ್ 8. ಹೋಗಿ ಬರುವ ದಿನ ಸೇರಿಸಿದರೂ ಅಲ್ಪಾವಧಿ ವೀಸಾದ ಮಿತಿಯಾದ 90 ದಿನದ ಒಳಗೆ. ಈ ಬಗೆಯ ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೆ ಯಾವ ವೀಸಾ ಬೇಕು ಎಂದು ಅವಳು ಅಂದಾಜು ಮಾಡಲಿಲ್ಲ, ಕಾನ್ಸುಲೇಟ್‌ಗೆ ಬರೆದು ಕೇಳಿದಳು. ಉತ್ತರದ ಪ್ರತಿಯನ್ನು ಅರ್ಜಿಯ ಜೊತೆಗೇ ಇಟ್ಟಳು.

ದಿನಾಂಕ ಸಿಕ್ಕ ಮೇಲೆ ಪ್ರತಿ ಸಾಲಿಗೂ ಒಂದು ಆಧಾರ ಹುಡುಕಬೇಕಿತ್ತು. ಬಾಡಿಗೆಗೆ ಅವಳು ಪ್ರಯೋಗಾಲಯದ ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯನ್ನೇ ಕೇಳಿದಳು. ಬೇಸಿಗೆಯಲ್ಲಿ ಅಲ್ಲಿನ ಹುಡುಗರು ಊರಿಗೆ ಹೋಗುವಾಗ ತಮ್ಮ ರೂಮನ್ನು ಎರಡು ಮೂರು ತಿಂಗಳ ಮಟ್ಟಿಗೆ ಬೇರೆಯವರಿಗೆ ಕೊಡುವುದು ಮಾಮೂಲು. ಹಾಗೆ ಸಿಕ್ಕ ರೂಮಿನ ಬಾಡಿಗೆ ತಿಂಗಳಿಗೆ 320 ಯೂರೋ, ಎರಡೂವರೆ ತಿಂಗಳಿಗೆ 800. ಊಟಕ್ಕೆ ಮಧ್ಯಾಹ್ನ ವಿಶ್ವವಿದ್ಯಾಲಯದ ಕ್ಯಾಂಟೀನು, ರಾತ್ರಿ ಸ್ವಂತ ಅಡುಗೆ ಎಂದು ತಿಂಗಳಿಗೆ 220ರಂತೆ 550.

ಓಡಾಟದ ಸಾಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಜರ್ಮನಿಯಲ್ಲಿ ಊರೊಳಗಿನ ಬಸ್ಸು, ಟ್ರಾಮು, ಪ್ರಾದೇಶಿಕ ರೈಲು ಎಲ್ಲಕ್ಕೂ ಆಗುವ 'ಡಾಯ್ಚ್‌ಲಾಂಡ್ ಟಿಕೆಟ್' ಇದೆ. 2024ರ ಕೊನೆಯ ತನಕ ತಿಂಗಳಿಗೆ 49 ಯೂರೋ ಇತ್ತು, 2025ರ ಜನವರಿಯಿಂದ 58 ಆಯಿತು. ಅವಳು ಮೊದಲು 49 ಅನ್ನು ಎರಡೂವರೆಯಿಂದ ಗುಣಿಸಿ ಬರೆದಿದ್ದಳು. ದರ ಹಳೆಯದು, ಗುಣಾಕಾರವೂ ತಪ್ಪು. ಆ ಟಿಕೆಟ್ ಕ್ಯಾಲೆಂಡರ್ ತಿಂಗಳಿನ ಲೆಕ್ಕದಲ್ಲಿ ಓಡುತ್ತದೆ, ಅರ್ಧ ತಿಂಗಳಿಗೆ ಸಿಗುವುದಿಲ್ಲ. ಆಗಸ್ಟ್‌ನ ಎಂಟು ದಿನಕ್ಕೂ ಪೂರ್ತಿ ತಿಂಗಳಿನ ದುಡ್ಡು ಕೊಡಬೇಕು. ಹಾಗಾಗಿ ಅಂತಿಮ ಅರ್ಜಿಯಲ್ಲಿ ಅವಳು ಬರೆದದ್ದು ಹೀಗೆ: 'ಮಾಸಿಕ ಟಿಕೆಟ್, 2025ರ ದರ 58 ಯೂರೋ. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ತಗಲುವುದರಿಂದ 174 ಯೂರೋ. ರೂಮಿನಿಂದ ಪ್ರಯೋಗಾಲಯ 6 ಕಿಲೋಮೀಟರ್. ವಾರಕ್ಕೊಮ್ಮೆ ನೀರಿನ ಮಾದರಿ ತರಲು ಹೋಗುವ ಜಾಗಕ್ಕೂ ಇದೇ ಟಿಕೆಟ್ ಆಗುತ್ತದೆ.' ದರ, ಎಷ್ಟು ತಿಂಗಳು, ಯಾಕೆ ಬೇಕು, ಮೂರೂ ಬಂದವು. ಬಜೆಟ್ ಸಮರ್ಥನೆ ಅಂದರೆ ಇಷ್ಟೇ. 'ಅತ್ಯಂತ ಅಗತ್ಯ', 'ಅನಿವಾರ್ಯ' ಅಂತೆಲ್ಲ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಯೂರೋವನ್ನು 90 ರೂಪಾಯಿ ಎಂದು ಹಿಡಿದಾಗ ಬಜೆಟ್ ಹೀಗೆ ನಿಂತಿತು:

| ಬಾಬ್ತು | ಯೂರೋ | ರೂಪಾಯಿ |
|---|---|---|
| ವಿಮಾನ, ಹೋಗಿ ಬರಲು | – | 72,000 |
| ವೀಸಾ (90 ಯೂರೋ) ಮತ್ತು ಸೇವಾ ಶುಲ್ಕ | – | 10,000 |
| ವಿಮೆ | – | 6,500 |
| ಬಾಡಿಗೆ | 800 | 72,000 |
| ಊಟ | 550 | 49,500 |
| ಓಡಾಟ | 174 | 15,660 |
| ಇತರೆ ಮತ್ತು ಆಕಸ್ಮಿಕ | – | 12,528 |
| ಒಟ್ಟು | | 2,38,188 |

ಮೊದಲಿನದಕ್ಕಿಂತ 1.27 ಲಕ್ಷ ಕಡಿಮೆ. ಅದರ ಕೆಳಗೆ ಆದಾಯದ ಪಟ್ಟಿ. ಮನೆಯಿಂದ 40,000, ಬ್ಯಾಂಕಿನಲ್ಲಿದೆ. ಹಳೇ ವಿದ್ಯಾರ್ಥಿಗಳ ನಿಧಿಯಿಂದ 60,000, ಅರ್ಜಿ ಹಾಕಿದೆ, ಮಾರ್ಚ್‌ನಲ್ಲಿ ಗೊತ್ತಾಗುತ್ತದೆ. ಟ್ರಸ್ಟ್‌ನಿಂದ ಕೋರುವುದು 1,38,000. ಗರಿಷ್ಠ ಮೊತ್ತಕ್ಕಿಂತ 12,000 ಕಡಿಮೆ ಕೇಳುವುದು ಅವಳಿಗೆ ಇಷ್ಟ ಇರಲಿಲ್ಲ. "ಸರ್, ಕೊಡೋರು ಹೇಗಿದ್ರೂ ಕಡಿಮೆ ಮಾಡ್ತಾರೆ, ಸ್ವಲ್ಪ ಮೇಲೆ ಹಾಕೋಣ" ಎಂದಳು. ಸಂತೆಯ ಚೌಕಾಸಿ ಇಲ್ಲಿ ನಡೆಯುವುದಿಲ್ಲ. ಸಾಲು ಸಾಲು ಕೂಡಿ ಬಂದ ಮೊತ್ತವನ್ನೇ ಕೇಳಿದರೆ ಕತ್ತರಿಸುವವರು ಯಾವ ಸಾಲನ್ನು ಕತ್ತರಿಸಿದೆವು ಎಂದು ಹೇಳಬೇಕಾಗುತ್ತದೆ.

ನಿಧಿಯವರು ಇಲ್ಲ ಅಂದರೆ? ಅದಕ್ಕೂ ಒಂದು ಪ್ಯಾರಾ ಬರೆದಳು. ಎರಡು ವಾರ ಮೊದಲೇ ವಾಪಸ್ ಬಂದರೆ ಅರ್ಧ ತಿಂಗಳ ಬಾಡಿಗೆ, ಅರ್ಧ ತಿಂಗಳ ಊಟ, ಆಗಸ್ಟ್‌ನ ಟಿಕೆಟ್ ಸೇರಿ 328 ಯೂರೋ, ಅಂದರೆ 29,500 ರೂಪಾಯಿ ಉಳಿಯುತ್ತದೆ. ಉಳಿದ 30,500 ಸೋದರಮಾವ ಕೈಸಾಲ ಕೊಡುತ್ತಾರೆ, ಅವರ ಸಹಿ ಇದೆ. ಲೆಕ್ಕ ಹಾಕಿದಾಗ ನಮಗೇ ಒಂದು ವಿಷಯ ಕಣ್ಣಿಗೆ ಬಿತ್ತು. ಐದರಲ್ಲಿ ಒಂದು ಪಾಲು ದಿನ ಕಡಿತ ಮಾಡಿದರೂ ಖರ್ಚು ಎಂಟರಲ್ಲಿ ಒಂದು ಪಾಲಷ್ಟೇ ಇಳಿಯುತ್ತದೆ. ವಿಮಾನ, ವೀಸಾ ಕದಲುವುದಿಲ್ಲವಲ್ಲ. ದುಡ್ಡು ಸಾಲದಿದ್ದರೆ ದಿನ ಕಡಿಮೆ ಮಾಡ್ತೀನಿ ಎಂದು ಸುಮ್ನೆ ಬರೆಯುವವರು ಈ ಗುಣಾಕಾರ ಮಾಡಿರುವುದಿಲ್ಲ.

ಪತ್ರಗಳ ಸಮಯ

ಸುಧಾಳ ಹತ್ತಿರ ಅಕ್ಟೋಬರ್‌ನಲ್ಲೇ ಪಡೆದ ಒಂದು ಶಿಫಾರಸು ಪತ್ರ ಇತ್ತು. 'ಇವರು ಶ್ರದ್ಧೆಯುಳ್ಳ, ವಿನಯವಂತ ವಿದ್ಯಾರ್ಥಿನಿ' ಎಂಬ ಧಾಟಿಯದು, ಯಾರಿಗೆ ಬೇಕಾದರೂ ಕೊಡಬಹುದಾದ್ದು. ಬೇಗ ತೆಗೆದುಕೊಂಡಿದ್ದೇನೆ ಎಂದು ಖುಷಿಯಲ್ಲಿದ್ದಳು. ಆದರೆ ಆಹ್ವಾನ ಬಂದದ್ದೇ ನವೆಂಬರ್‌ನಲ್ಲಿ. ಅಕ್ಟೋಬರ್ ತಾರೀಕಿನ ಪತ್ರದಲ್ಲಿ ಪ್ರಯೋಗಾಲಯದ ಕೆಲಸದ ಬಗ್ಗೆ ಏನಿರಲು ಸಾಧ್ಯ? ಪತ್ರ ತಡವಾಗುವುದಕ್ಕೆ ಎಲ್ಲರೂ ಹೆದರುತ್ತಾರೆ. ಬೇಗ ಆಗುವುದೂ ಅಷ್ಟೇ ಕೆಟ್ಟದ್ದು.

ಹಾಗಾದರೆ ಯಾವಾಗ ಕೇಳಬೇಕು? ಮೊದಲು ಬೇಕಾದದ್ದು ಸರಿಯಾದ ಆಹ್ವಾನ ಪತ್ರ. ನಾಲ್ಕು ಸಾಲಿನ ಮೇಲ್ ಸಾಲದು. ದಿನಾಂಕ, ಕೆಲಸದ ವಿವರ, ಯಾರು ಮಾರ್ಗದರ್ಶನ ಮಾಡುತ್ತಾರೆ, ಸಂಬಳ ಕೊಡುವುದಿಲ್ಲ, ಪ್ರಯೋಗಾಲಯ ಬಳಸಲು ಶುಲ್ಕವನ್ನೂ ಕೇಳುವುದಿಲ್ಲ. ಇಷ್ಟೂ ಲೆಟರ್‌ಹೆಡ್‌ನಲ್ಲಿ ಬೇಕು. 'ದುಡ್ಡು ಕೊಡಲ್ಲ ಅಂತ ಬರೆದುಕೊಡಿ' ಎಂದು ಪ್ರೊಫೆಸರ್‌ನ ಕೇಳಲು ಅವಳಿಗೆ ಮುಜುಗರ. ಆದರೆ ಆ ಸಾಲು ಇಲ್ಲದಿದ್ದರೆ ಪ್ರಯೋಗಾಲಯವೂ ಸ್ವಲ್ಪ ಕೊಡುತ್ತಿರಬಹುದು ಎಂಬ ಅನುಮಾನ ಸಮಿತಿಗೆ ಉಳಿಯುತ್ತದೆ. ಡಿಸೆಂಬರ್ 18ಕ್ಕೆ ಕೇಳಿದಳು. ಕ್ರಿಸ್‌ಮಸ್‌ನಿಂದ ಹೊಸ ವರ್ಷದ ತನಕ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಯಾರೂ ಸಿಗುವುದಿಲ್ಲ. ಪತ್ರ ಬಂದದ್ದು ಜನವರಿ 7ಕ್ಕೆ.

ಇಲ್ಲಿಂದ 31ಕ್ಕೆ ಮೂರು ವಾರ ಚಿಲ್ಲರೆ. ಮಧ್ಯೆ ಸಂಕ್ರಾಂತಿ, ಮೌಲ್ಯಮಾಪನ, ಗಣರಾಜ್ಯೋತ್ಸವ. ಟ್ರಸ್ಟ್‌ನ ಪೋರ್ಟಲ್‌ನಲ್ಲಿ ಇನ್ನೊಂದು ಗುಟ್ಟು ಇತ್ತು. ವಿದ್ಯಾರ್ಥಿ ಅರ್ಜಿಯನ್ನು ಸಲ್ಲಿಸಿದ ಮೇಲಷ್ಟೇ ಶಿಫಾರಸು ಬರೆಯುವವರಿಗೆ ಲಿಂಕ್ ಹೋಗುತ್ತದೆ. ಅರ್ಜಿಯನ್ನು ಕೊನೇ ದಿನ ಸಲ್ಲಿಸುವವರ ಮೇಷ್ಟ್ರಿಗೆ ಲಿಂಕ್ ಸಿಗುವುದೂ ಕೊನೇ ದಿನವೇ. ಇಂಥ ಪೋರ್ಟಲ್‌ಗಳು ಸುಮಾರಿವೆ, ನಿಯಮಾವಳಿಯಲ್ಲಿ ಇದು ಒಂದೇ ಸಾಲಿನಲ್ಲಿ ಇರುತ್ತದೆ. ಅದಕ್ಕೇ ವಿದ್ಯಾರ್ಥಿಯ ನಿಜವಾದ ಕೊನೇ ದಿನಾಂಕ ಜನವರಿ 31 ಅಲ್ಲ, 17 ಎಂದು ತೀರ್ಮಾನಿಸಿದೆವು. ಮೇಷ್ಟ್ರಿಗೆ ಎರಡು ವಾರ ಸಿಗಬೇಕು.

ಯಾರಿಂದ ಬರೆಸಬೇಕು ಎಂಬುದು ಮುಂದಿನ ತೀರ್ಮಾನ. ಅವಳ ಮನಸ್ಸಿನಲ್ಲಿ ಪ್ರಿನ್ಸಿಪಾಲರಿದ್ದರು. ದೊಡ್ಡ ಹುದ್ದೆ, ದೊಡ್ಡ ಸೀಲು. ಆದರೆ ಅವರು ಇವಳನ್ನು ಬಹುಮಾನ ಕೊಡುವಾಗ ನೋಡಿದ್ದಷ್ಟೇ. ಕೊನೆಗೆ ಎಚ್‌ಒಡಿ ಮೇಡಂ ಮತ್ತು ಮಿನಿ ಪ್ರಾಜೆಕ್ಟ್ ಮಾಡಿಸಿದ ಸಹಾಯಕ ಪ್ರಾಧ್ಯಾಪಕರು ಎಂದಾಯಿತು. ಎರಡನೆಯವರು ಜೂನಿಯರ್. ಅವಳು ಕೆರೆಗೆ ಇಳಿದು ನೀರು ತುಂಬಿದ್ದನ್ನು ಕಣ್ಣಾರೆ ನೋಡಿದವರು ಅವರೊಬ್ಬರೇ.

ಮೇಡಂ ಎಲ್ಲರಿಗೂ ಹೇಳುವುದನ್ನೇ ಹೇಳಿದರು. "ನೀನೇ ಬರ್ಕೊಂಡು ಬಾ, ನೋಡಿ ಹಾಕ್ತೀನಿ." ಇದು ನಮ್ಮ ಕಾಲೇಜುಗಳಲ್ಲಿ ದಿನಾ ನಡೆಯುವುದೇ. ಮೇಡಂಗೆ ಸೋಮಾರಿತನ ಅಲ್ಲ, ಆ ತಿಂಗಳು ಇಂಥ ಎಷ್ಟೋ ಪತ್ರ ಅವರ ತಲೆ ಮೇಲಿರುತ್ತವೆ. ಆದರೆ ಇಬ್ಬರೂ ಹಾಗೇ ಅಂದರೆ ಎರಡೂ ಪತ್ರ ಒಂದೇ ಕೈಬರಹ ಆಗುತ್ತವೆ. ಪದಗಳು ಅವವೇ, ಹೊಗಳಿಕೆ ಅದದೇ, ಎರಡರಲ್ಲೂ ಅವೇ ವ್ಯಾಕರಣ ದೋಷ. ಓದುವವರಿಗೆ ಇದು ತಟ್ಟನೆ ಗೊತ್ತಾಗುತ್ತದೆ.

ಹಾಗಂತ ಬರೆಯಲ್ಲ ಎಂದು ಮೇಡಂಗೆ ಹೇಳಲಾಗುತ್ತದೆಯೇ? ಸುಧಾ ಪತ್ರದ ಬದಲು ಒಂದು ಹಾಳೆ ಮಾಹಿತಿ ಕೊಟ್ಟಳು. ಮೇಡಂಗೆ ಕೊಟ್ಟ ಹಾಳೆಯಲ್ಲಿ ಅವರ ಎರಡು ವಿಷಯಗಳಲ್ಲಿ ಬಂದ ಅಂಕ, ತರಗತಿಯಲ್ಲಿ ಅವಳು ಮಾಡಿದ ಸೆಮಿನಾರ್, ಮೇಡಂ ಅದರಲ್ಲಿ ಎತ್ತಿದ ಆಕ್ಷೇಪ, ಆಮೇಲೆ ಅವಳು ಅದನ್ನು ತಿದ್ದಿಕೊಂಡ ಬಗೆ. ಪ್ರಾಜೆಕ್ಟ್ ಸರ್‌ಗೆ ಕೊಟ್ಟದ್ದರಲ್ಲಿ ಪೂರ್ತಿ ಬೇರೆ: ಒಂದು ದಿನದ ಮಾದರಿಗಳ ಅಳತೆ ಅಡ್ಡಾದಿಡ್ಡಿ ಬಂದದ್ದು, ಬಾಟಲಿಗಳನ್ನು ಫಾಸ್ಫೇಟ್ ಇರುವ ಸೋಪಿನಲ್ಲಿ ತೊಳೆದದ್ದೇ ಕಾರಣ ಎಂದು ಅವಳು ಪತ್ತೆ ಮಾಡಿದ್ದು, ಆಸಿಡ್‌ನಲ್ಲಿ ತೊಳೆದು ಎಲ್ಲವನ್ನೂ ಮತ್ತೆ ಅಳೆದದ್ದು. ಎರಡಕ್ಕೂ ಆಹ್ವಾನ ಪತ್ರದ ಪ್ರತಿ, ಕೊನೇ ದಿನಾಂಕ, ಪೋರ್ಟಲ್‌ನಿಂದ ಬರುವ ಮೇಲ್ ಹೇಗಿರುತ್ತದೆ ಎಂಬ ವಿವರ. ಮೇಡಂ ಹಾಳೆ ಓದಿ, ತಮ್ಮದೇ ಮಾತಿನಲ್ಲಿ ಬರೆದರು. ನೆನಪು ಬಂದರೆ ಬರೆಯುವುದು ಕಷ್ಟ ಅಲ್ವಲ್ಲ.

ಅರ್ಜಿ 16ಕ್ಕೆ ಸಲ್ಲಿಕೆ ಆಯಿತು. ಪ್ರಾಜೆಕ್ಟ್ ಸರ್ ಪತ್ರ ಮೂರನೇ ದಿನಕ್ಕೆ ಏರಿತು. ಮೇಡಂಗೆ ಲಿಂಕೇ ಬರಲಿಲ್ಲ. 22ರ ತನಕ ಸುಧಾ ಕೇಳಲು ಹಿಂಜರಿದಳು, ಮೇಡಂ ಬ್ಯುಸಿ ಇರಬಹುದು ಎಂದುಕೊಂಡಳು. ಪತ್ರ ಬರೆದು ಇಟ್ಟುಕೊಂಡಿದ್ದ ಮೇಡಂ, ಲಿಂಕ್ ಇನ್ನೂ ಕಳಿಸಿಲ್ಲ ಎಂದುಕೊಂಡಿದ್ದರು. ವಿಷಯ ಏನೆಂದರೆ, ಕಾಲೇಜಿನ ಮೇಲ್ ವಿಳಾಸದ ಕೊನೆಯ ಭಾಗ ಆ ವರ್ಷ ಬದಲಾಗಿತ್ತು, ಅವಳು ಹಳೇ ವಿಳಾಸ ತುಂಬಿದ್ದಳು. ಸಲ್ಲಿಸಿದ ಮೇಲೆ ಪೋರ್ಟಲ್‌ನಲ್ಲಿ ತಿದ್ದಲು ಬರುವುದಿಲ್ಲ. ಟ್ರಸ್ಟ್ ಕಚೇರಿಗೆ ಅರ್ಜಿ ಸಂಖ್ಯೆ ಹಾಕಿ ಮೇಲ್ ಮಾಡಿ, ಫೋನೂ ಮಾಡಿದ ಮೇಲೆ 28ಕ್ಕೆ ಹೊಸ ಲಿಂಕ್ ಬಂತು, 29ಕ್ಕೆ ಪತ್ರ ಏರಿತು. 30ಕ್ಕೆ ಅರ್ಜಿ ಸಲ್ಲಿಸಿದ್ದರೆ ಇದಕ್ಕೆ ಜಾಗವೇ ಇರುತ್ತಿರಲಿಲ್ಲ. ಈಗ ನಾನು ಎಲ್ಲರಿಗೂ ಹೇಳುವುದು: ಸಲ್ಲಿಸಿದ ದಿನವೇ ಮೇಷ್ಟ್ರ ಮುಂದೆ ಹೋಗಿ, ಸ್ಪ್ಯಾಮ್ ಫೋಲ್ಡರ್ ಸೇರಿಸಿ ಮೇಲ್ ಬಂದಿದೆಯಾ ನೋಡಿಸಿ.

ಫಲಿತಾಂಶ, ಮತ್ತು ದುಡ್ಡು ಕೈಗೆ ಬಂದ ಬಗೆ

ಮಾರ್ಚ್‌ನಲ್ಲಿ ಟ್ರಸ್ಟ್ 1,25,000 ಮಂಜೂರು ಮಾಡಿತು. ಕತ್ತರಿಸಿದ್ದು ಒಂದೇ ಸಾಲು, 'ಇತರೆ ಮತ್ತು ಆಕಸ್ಮಿಕ'. ಪಕ್ಕದಲ್ಲಿ 'ವಿವರ ಇಲ್ಲ' ಎಂಬ ಷರಾ. ಆ 12,528ರಲ್ಲಿ 5,400 ಸಿಮ್ ಮತ್ತು ಸಣ್ಣಪುಟ್ಟ ಖರ್ಚಿಗೆ. ಉಳಿದ 7,128 ಯೂರೋ ದರ ಏರಿದರೆ ಇರಲಿ ಎಂದು ಶೇಕಡಾ 5ರಂತೆ ಇಟ್ಟದ್ದು. ಆದರೆ ಎರಡನ್ನೂ ಕಲಸಿ ಒಂದೇ ಹೆಸರಿನಡಿ ಹಾಕಿದ್ದಳು, ಹಾಗಾಗಿ ಎರಡೂ ಹೋದವು. ಅದೇ ವರ್ಷ ಯೂರೋ ಜಿಗಿಯಿತು. ಜನವರಿಯಲ್ಲಿ 90ರ ಆಸುಪಾಸು ಇದ್ದದ್ದು ಮೇ ಕೊನೆಗೆ 97ರ ಹತ್ತಿರ ಹೋಯಿತು, ಜುಲೈಯಲ್ಲಿ ನೂರು ಮುಟ್ಟಿತು. 'ವಿನಿಮಯ ದರದ ಏರಿಳಿತಕ್ಕೆ ಶೇಕಡಾ 5, ಬಳಸದಿದ್ದರೆ ಹಿಂತಿರುಗಿಸುತ್ತೇನೆ' ಎಂದು ಬೇರೆ ಸಾಲಿನಲ್ಲಿ ಬರೆದಿದ್ದರೆ ಉಳಿಯುತ್ತಿತ್ತು ಎಂದು ಸಮಿತಿಯಲ್ಲಿದ್ದವರೊಬ್ಬರು ಆಮೇಲೆ ಹೇಳಿದರು.

ಹಳೇ ವಿದ್ಯಾರ್ಥಿಗಳ ನಿಧಿ 50,000 ಒಪ್ಪಿತು, ಆದರೆ ವಾಪಸ್ ಬಂದು ಬೋರ್ಡಿಂಗ್ ಪಾಸ್ ಕೊಟ್ಟ ಮೇಲೆ. ಟ್ರಸ್ಟ್ ಮುಕ್ಕಾಲು ಪಾಲನ್ನು ವೀಸಾ ತೋರಿಸಿದ ಮೇಲೆ, ಕಾಲು ಪಾಲನ್ನು ವರದಿ ಕೊಟ್ಟ ಮೇಲೆ ಕೊಡುತ್ತದೆ. ವೀಸಾಕ್ಕೋ, ದುಡ್ಡು ಇದೆ ಎಂದು ಮೊದಲೇ ತೋರಿಸಬೇಕು. ಮಂಜೂರಾತಿ ಪತ್ರದಲ್ಲಿ ಮೊತ್ತ, ಅವಧಿ ಸ್ಪಷ್ಟವಾಗಿ ಇರುವಂತೆ ಟ್ರಸ್ಟ್‌ನಿಂದ ಬರೆಸಿಕೊಂಡು, ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಉಳಿದ ಖರ್ಚು ತನ್ನದು ಎಂಬ ಅವರ ಪತ್ರ ಸೇರಿಸಿ ಈ ಗಂಟು ಬಿಡಿಸಿದಳು. ವಿಮೆಗೆ ಯುರೋಪಿನ ಶೆಂಗೆನ್ ವೀಸಾ ನಿಯಮದಂತೆ ಕನಿಷ್ಠ 30,000 ಯೂರೋ ರಕ್ಷಣೆ ಇರುವುದನ್ನೇ ಕೊಂಡಳು.

ಬಜೆಟ್ ಸರಿ ಇದ್ದೂ ಕೈ ಖಾಲಿ ಆಗುವುದು ಇಲ್ಲೇ. ಏಪ್ರಿಲ್‌ನಲ್ಲಿ ಟಿಕೆಟ್‌ಗೆ 69,000, ಮೇ ಮೊದಲಲ್ಲಿ ವೀಸಾ, ವಿಮೆಗೆ ಸುಮಾರು 17,000. ಟ್ರಸ್ಟ್‌ನ ಮೊದಲ ಕಂತು 93,750 ಬಂದದ್ದು ಮೇ ಕೊನೇ ವಾರ. ಅಷ್ಟರಲ್ಲಿ ರೂಮಿನ ಮಾಲೀಕ 400 ಯೂರೋ ಡಿಪಾಸಿಟ್ ಕೇಳಿದ. ಡಿಪಾಸಿಟ್ ವಾಪಸ್ ಬರುವ ದುಡ್ಡು, ಹಾಗಾಗಿ ಬಜೆಟ್‌ನಲ್ಲಿ ಇರಲಿಲ್ಲ, ಇರಲೂಬಾರದು. ಆದರೆ ಆ ವಾರ ಅದು ಜೇಬಿನಿಂದ ಹೋಗಲೇಬೇಕಿತ್ತು. ಅಪ್ಪ ಸಹಕಾರ ಸಂಘದಿಂದ 50,000 ಸಾಲ ತೆಗೆದರು. ಇಷ್ಟಕ್ಕೂ ತಯಾರಿದ್ದದ್ದು, ಮಾರ್ಚ್‌ನಲ್ಲೇ ಯಾವ ತಿಂಗಳು ಎಷ್ಟು ಹೋಗುತ್ತದೆ, ಎಷ್ಟು ಬರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರಿಂದ. ಆ ಹಾಳೆ ಅರ್ಜಿಗೆ ಬೇಡ, ಮನೆಗೆ ಬೇಕು.

ಕೊನೆಗೆ ಆದ ಖರ್ಚು ಸುಮಾರು 2,32,000. ಮೂರೂ ಕಡೆಯಿಂದ ಸೇರಿದ್ದು 2,15,000. ಸುಮಾರು 17,000ದ ಕೊರತೆಯನ್ನು ಮನೆಯವರೇ ತುಂಬಿದರು, ಅದರಲ್ಲಿ ಹೆಚ್ಚಿನದು ಯೂರೋ ದರ ಏರಿದ್ದಕ್ಕೇ. ಡಿಪಾಸಿಟ್ ಆಗಸ್ಟ್‌ನಲ್ಲಿ ರೂಮು ಬಿಡುವ ದಿನ ನಗದಾಗಿ ಸಿಕ್ಕಿತು. ಇಲ್ಲಿನ ಬ್ಯಾಂಕ್ ಖಾತೆಗೆ ಕಳಿಸುವುದು ಮಾಲೀಕನಿಗೆ ತಲೆನೋವು ಎಂದು ಅವಳು ಮೊದಲೇ ಮಾತಾಡಿಕೊಂಡಿದ್ದಳು. ಡಾಯ್ಚ್‌ಲಾಂಡ್ ಟಿಕೆಟ್ ತಾನಾಗೇ ಮುಂದುವರಿಯುತ್ತದೆ. ತಿಂಗಳ 10ರೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳಿನ ದುಡ್ಡೂ ಕಟ್ ಆಗುತ್ತದೆ. ಅವಳು ಜುಲೈಯಲ್ಲೇ ಆಗಸ್ಟ್ ಕೊನೆಗೆ ನಿಲ್ಲುವಂತೆ ಮಾಡಿದ್ದಳು. ರಸೀದಿಗಳ ಜೊತೆ ವರದಿ ಸೆಪ್ಟೆಂಬರ್‌ನಲ್ಲಿ ಟ್ರಸ್ಟ್‌ಗೆ ಹೋಯಿತು, ಉಳಿದ ಕಾಲು ಪಾಲು ಬಂತು. ಹಳೇ ವಿದ್ಯಾರ್ಥಿಗಳ ನಿಧಿಯ 50,000 ಅಕ್ಟೋಬರ್‌ನಲ್ಲಿ ಸಿಕ್ಕಿತು. ಅದೇ ವಾರ ಸಹಕಾರ ಸಂಘದ ಅಸಲು ತೀರಿತು, ಬಡ್ಡಿಯನ್ನು ಅಪ್ಪ ಕಟ್ಟಿದರು.